ಹಿನ್ನೆಲೆ ಚಿತ್ರದಲ್ಲಿ ಹಗಲನ್ನು ಮುಸ್ಸಂಜೆಯಾಗಿಸುವುದು

ಒಮ್ಮೆ ಬರೆದಿಟ್ಟ ಹಗಲಿನ ಹಿನ್ನೆಲೆ ಚಿತ್ರವನ್ನು ಮೊದಲಿನಿಂದ ಮತ್ತೆ ಬರೆಯದೆ, ಅದರ ಮೇಲೆ ಬಣ್ಣದ ಪದರಗಳನ್ನು ಹೊದಿಸಿ, ಬೆಳಕು ಬೀಳುವ ದಿಕ್ಕನ್ನು ಬದಲಿಸಿ, ಅದೇ ಜಾಗದ ಮುಸ್ಸಂಜೆಯನ್ನು ಕಾಣಿಸುವ ವಿಧಾನವಿದು. ಅನಿಮೇಷನ್ ಚಿತ್ರಗಳಲ್ಲಿ, ವಿಡಿಯೊ ಗೇಮುಗಳಲ್ಲಿ, ಮಕ್ಕಳ ಚಿತ್ರಪುಸ್ತಕಗಳಲ್ಲಿ ಒಂದೇ ಜಾಗಕ್ಕೆ ಬೆಳಿಗ್ಗೆಯೂ ಸಂಜೆಯೂ ಮರಳಬೇಕಾಗುತ್ತದೆ. ಕಂಬ, ಗೋಡೆ, ಮರ ಇದ್ದಲ್ಲೇ ಇರುತ್ತವೆ, ಬದಲಾಗುವುದು ಬೆಳಕು ಮಾತ್ರ. ಹಾಗಾಗಿ ಬೆಳಕನ್ನಷ್ಟೇ ಬದಲಿಸಿದರೆ ಸಾಕಲ್ಲ ಎಂಬ ಲೆಕ್ಕಾಚಾರದಿಂದ ಈ ವಿಧಾನ ಹುಟ್ಟಿದೆ.

ಲೆಕ್ಕಾಚಾರವೇನೋ ಸರಿ. ಆದರೆ ಹಗಲಿನ ಚಿತ್ರದಲ್ಲಿ ಕಲ್ಲಿನ ಬಣ್ಣವೂ ಆ ಕಲ್ಲಿನ ಮೇಲೆ ಬಿದ್ದ ಬಿಸಿಲೂ ಒಂದೇ ಕುಂಚದ ಗೆರೆಯಲ್ಲಿ ಬೆರೆತುಹೋಗಿರುತ್ತವೆ. ಮೇಲಿನಿಂದ ಕಿತ್ತಳೆಯನ್ನೋ ನೇರಳೆಯನ್ನೋ ಹೊದಿಸಿದರೆ ಬೆಳಕಿನ ಬಣ್ಣ ಬದಲಾದೀತು, ಬೆಳಕು ಬಿದ್ದ ಜಾಗ ಬದಲಾಗುವುದಿಲ್ಲ. ಹೊಂಬಣ್ಣದ ಆಕಾಶದ ಕೆಳಗೆ ಹಗಲಿನ ಮೋಟು ನೆರಳುಗಳು ಹಾಗೇ ಉಳಿದ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ತಪ್ಪು ಯಾವುದೆಂದು ಹೇಳಲು ಬಾರದವರಿಗೂ ಅವು ಬಣ್ಣದ ಕನ್ನಡಕದಿಂದ ನೋಡಿದ ಹಗಲಿನಂತೆಯೇ ಕಾಣುತ್ತವೆ.

ಹಿಂದಿನವರು ಮಾಡಿದ್ದು

ಕಂಪ್ಯೂಟರಿಗಿಂತ ಬಹಳ ಹಿಂದೆಯೇ ಈ ಕೆಲಸ ನಡೆದಿದೆ. ಲೂಯಿ ಡಾಗೆರ್ ಮತ್ತು ಷಾರ್ಲ್ ಮರೀ ಬೂತೋ 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಯೊರಾಮಾ ಎಂಬ ಪ್ರದರ್ಶನ ತೆರೆದರು. ಬೆಳಕು ಹಾಯುವಂಥ ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆದು, ಮುಂದಿನಿಂದಲೂ ಹಿಂದಿನಿಂದಲೂ ಬೀಳುವ ಬೆಳಕನ್ನು ಬಣ್ಣದ ತೆರೆಗಳಿಂದ ಬದಲಿಸುತ್ತಿದ್ದರು. 1834ರ ಹೊತ್ತಿಗೆ ಡಾಗೆರ್ ಬಟ್ಟೆಯ ಎರಡೂ ಬದಿಗೆ ಚಿತ್ರ ಬರೆಯತೊಡಗಿದ. ಮುಂಬದಿಯಲ್ಲಿ ಹಗಲು, ಹಿಂಬದಿಯಲ್ಲಿ ರಾತ್ರಿ. ಒಂದು ಚರ್ಚಿನ ನಡುರಾತ್ರಿಯ ಪೂಜೆಯ ದೃಶ್ಯದಲ್ಲಿ ಹಗಲಿನಲ್ಲಿ ಖಾಲಿಯಿದ್ದ ಆಸನಗಳು ಕತ್ತಲಾಗುತ್ತಿದ್ದಂತೆ ಜನರಿಂದ ತುಂಬಿಕೊಳ್ಳುತ್ತಿದ್ದವು. ಬೆಳಕಿನ ಬಣ್ಣವನ್ನು ಬದಲಿಸಿದರೆ ಸಾಲದು, ರಾತ್ರಿಗೆ ಬೇಕಾದ ರೂಪವನ್ನು ಬೇರೆಯಾಗಿಯೇ ಬರೆದಿಡಬೇಕು ಎಂಬುದನ್ನು ಅವನು ಅಂದೇ ಕಂಡುಕೊಂಡಿದ್ದ.

ನಮ್ಮ ವೃತ್ತಿ ನಾಟಕ ಕಂಪನಿಗಳ ಪರದೆಗಳಲ್ಲೂ ಇದೇ ಪಾಠವಿದೆ. ನೀಲಿ ಆಕಾಶವಿರುವ ಅರಮನೆಯ ಪರದೆಯ ಮೇಲೆ ಕೆಂಪು ಜೆಲಟಿನ್ ಹಾಳೆ ಹಾಕಿದ ದೀಪ ಬಿಟ್ಟರೆ ಅರಮನೆ ಸಂಜೆಗೆಂಪಾಗುತ್ತದೆ, ಆಕಾಶ ಮಾತ್ರ ಕೆಸರಿನಂತಾಗುತ್ತದೆ. ನೀಲಿ ಬಣ್ಣಕ್ಕೆ ಹಿಂದಿರುಗಿಸಲು ಕೆಂಪು ದೀಪದಲ್ಲಿ ನೀಲಿಯೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಬಣ್ಣದ ಪದರ ಹಾಕುವವರಿಗೆ ಇಂದಿಗೂ ಎದುರಾಗುವ ಮೊದಲ ತೊಡಕು ಇದೇ.

ಡಿಸ್ನಿ ಸಂಸ್ಥೆಯ 1937ರ ‘ದಿ ಓಲ್ಡ್ ಮಿಲ್’ ಕಿರುಚಿತ್ರ ಒಂದು ಹಳೆಯ ಗಾಳಿಗಿರಣಿಯ ಸಂಜೆ, ರಾತ್ರಿ ಮತ್ತು ಬೆಳಗನ್ನು ತೋರಿಸುತ್ತದೆ. ಗಾಜಿನ ಹಾಳೆಗಳ ಮೇಲೆ ಬರೆದ ಚಿತ್ರಗಳನ್ನು ಬೇರೆ ಬೇರೆ ಎತ್ತರದಲ್ಲಿಟ್ಟು ಮೇಲಿನಿಂದ ಚಿತ್ರೀಕರಿಸುವ ಕ್ಯಾಮೆರಾವನ್ನು ಅದರಲ್ಲಿ ಬಳಸಿದರು. ದೂರದ್ದು, ನಡುವಿನದು, ಹತ್ತಿರದ್ದು ಬೇರೆ ಬೇರೆ ಹಾಳೆಯಲ್ಲಿದ್ದರೆ ಒಂದೊಂದಕ್ಕೂ ಬೇರೆ ಬೆಳಕು ಕೊಡಬಹುದು. ಫೋಟೊಶಾಪ್ 1994ರಲ್ಲಿ ತನ್ನ ಮೂರನೆಯ ಆವೃತ್ತಿಯೊಂದಿಗೆ ಪದರಗಳನ್ನು ತಂದ ಮೇಲೆ ಈ ಅನುಕೂಲ ಪ್ರತಿಯೊಬ್ಬ ಚಿತ್ರಕಾರನ ಮೇಜಿಗೂ ಬಂತು.

ಸಂಜೆಯಲ್ಲಿರುವುದು ಎರಡು ಬೆಳಕು

ಪದರಗಳ ಕೆಲಸಕ್ಕೆ ಮೊದಲು ಆಕಾಶದತ್ತ ಒಮ್ಮೆ ನೋಡಬೇಕು. ಸಂಜೆ ಎಂದರೆ ಕಿತ್ತಳೆ ಎಂದು ಮನಸ್ಸು ಹೇಳುತ್ತದೆ. ಕಿತ್ತಳೆಯಾಗುವುದು ಸೂರ್ಯನ ನೇರ ಬೆಳಕು ಮಾತ್ರ. ಅದು ತಾಗದ ಜಾಗಗಳಿಗೆಲ್ಲ ಬೆಳಕು ಕೊಡುವುದು ನೆತ್ತಿಯ ಮೇಲಿನ ನೀಲಿ ಆಕಾಶ. ಸೂರ್ಯ ದಿಗಂತದಿಂದ 5 ಡಿಗ್ರಿ ಎತ್ತರದಲ್ಲಿದ್ದಾಗ ಅವನ ಕಿರಣ ನೆತ್ತಿಯ ಮೇಲಿದ್ದಾಗಿಗಿಂತ ಸುಮಾರು 10 ಪಟ್ಟು ಗಾಳಿಯನ್ನು ಹಾದುಬರಬೇಕು. ದಿಗಂತ ಮುಟ್ಟಿದಾಗ ಅದು ಸುಮಾರು 38 ಪಟ್ಟಾಗುತ್ತದೆ. ಆ ಹಾದಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಇಡೀ ಮಧ್ಯಾಹ್ನದಲ್ಲಿ ಆಗದಷ್ಟು ಬಣ್ಣದ ಬದಲಾವಣೆ ಕಡೆಯ 5 ಡಿಗ್ರಿಯಲ್ಲಿ ಆಗುವುದು ಇದರಿಂದಲೇ. ಇತ್ತ ನೆರಳಿನ ಭಾಗಗಳು ಮತ್ತಷ್ಟು ನೀಲಿಯತ್ತ ವಾಲುತ್ತವೆ. ಸೂರ್ಯ ಮುಳುಗಿದ ಮೇಲೂ ನೆತ್ತಿಯ ಆಕಾಶ ನೀಲಿಯಾಗಿಯೇ ಉಳಿಯುವುದಕ್ಕೆ ಮುಖ್ಯ ಕಾರಣ ಎತ್ತರದ ಓಝೋನ್ ಕಿತ್ತಳೆ-ಹಳದಿಯನ್ನು ಹೀರಿಕೊಳ್ಳುವುದು. ಇದನ್ನು 1953ರಲ್ಲಿ ಹಲ್ಬರ್ಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು.

ಎರಡನೆಯ ಸಂಗತಿ ಕಡಿಮೆ ಜನರ ಗಮನಕ್ಕೆ ಬಂದಿದೆ. ನನ್ನ ಮಟ್ಟಿಗೆ ಬಣ್ಣಕ್ಕಿಂತ ಅದೇ ದೊಡ್ಡದು. ಸೂರ್ಯ ಇಳಿದಂತೆ ನೆಲಕ್ಕೆ ಸಿಗುವ ಬಿಸಿಲು ಕುಸಿಯುತ್ತದೆ, ಸೂರ್ಯನತ್ತ ಮುಖ ಮಾಡಿದ ಗೋಡೆಗೆ ಸಿಗುವುದು ಹೆಚ್ಚುತ್ತದೆ. ಗಾಳಿ ತಡೆಯುವ ಪಾಲನ್ನು ಬದಿಗಿಟ್ಟು ಬರೀ ಕೋನದಿಂದ ಲೆಕ್ಕ ಹಾಕೋಣ. ಸೂರ್ಯ 43 ಡಿಗ್ರಿಯಲ್ಲಿದ್ದಾಗ ನೆಲ ಬಿಸಿಲಿನ 68 ಪಾಲು ಪಡೆದರೆ ಅವನಿಗೆ ನೇರ ಎದುರಾದ ಗೋಡೆ 73 ಪಾಲು ಪಡೆಯುತ್ತದೆ, ಅಂದರೆ ಹೆಚ್ಚುಕಡಿಮೆ ಸಮ. ಸೂರ್ಯ 5 ಡಿಗ್ರಿಗೆ ಇಳಿದಾಗ ನೆಲಕ್ಕೆ 9 ಪಾಲು, ಗೋಡೆಗೆ 99ಕ್ಕೂ ಹೆಚ್ಚು. ಹಗಲಿನಲ್ಲಿ ಒಂದೇ ಹೊಳಪಿನಲ್ಲಿದ್ದ ನೆಲ ಮತ್ತು ಗೋಡೆ ಸಂಜೆಗೆ ಹತ್ತು ಪಟ್ಟು ಬೇರೆಯಾಗುತ್ತವೆ. ಇಡೀ ಚಿತ್ರಕ್ಕೆ ಒಂದೇ ಪದರ ಹೊದಿಸಿ ಈ ಅಂತರವನ್ನು ತರಲಾಗದು.

ಪದರಗಳ ಲೆಕ್ಕ

ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಲ್ಟಿಪ್ಲೈ. ಕೆಳಗಿನ ಬಣ್ಣ A, ಮೇಲಿನ ಪದರ B ಆದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆಯಾಗಿ ಈ ಲೆಕ್ಕ ನಡೆಯುತ್ತದೆ:

```
C = A × B / 255
```

ಬಣ್ಣದ ದೀಪದ ಕೆಳಗೆ ವಸ್ತು ಕಾಣುವ ರೀತಿಗೆ ಇದು ಹತ್ತಿರದ್ದು, ಹಾಗಾಗಿ ಇದನ್ನು ನಂಬಬಹುದು. ಆದರೆ ಕಂಪನಿ ನಾಟಕದ ಪರದೆಗಾದದ್ದೇ ಇಲ್ಲೂ ಆಗುತ್ತದೆ. ಹಗಲಿನ ಆಕಾಶ 140, 185, 225 ಎಂದಿರಲಿ. ಅದರ ಮೇಲೆ 255, 170, 100ರ ಕಿತ್ತಳೆ ಪದರ ಮಲ್ಟಿಪ್ಲೈ ಮಾಡಿದರೆ ಸಿಗುವುದು 140, 123, 88. ಅದು ಸಂಜೆಯ ಆಕಾಶವಲ್ಲ, ಮಳೆಗಾಲದ ಹೊಂಡದ ನೀರು.

ಆಗ ಹಲವರು ಓವರ್‌ಲೇ ಎಂಬ ಬಗೆಗೆ ಕೈಹಾಕುತ್ತಾರೆ, ಹೆಸರೇ ಹೊದಿಕೆ ಎಂದಿದೆಯಲ್ಲ ಎಂದು. ಓವರ್‌ಲೇ ಕೆಳಗಿನ ಬಣ್ಣ ನಡುಮಟ್ಟಕ್ಕಿಂತ ಗಾಢವಾಗಿದ್ದಲ್ಲಿ ಮಲ್ಟಿಪ್ಲೈನಂತೆ, ತಿಳಿಯಾಗಿದ್ದಲ್ಲಿ ಸ್ಕ್ರೀನ್ ಬಗೆಯಂತೆ ಲೆಕ್ಕ ಮಾಡುತ್ತದೆ. ಅದೇ ಆಕಾಶದ ಮೇಲೆ ಅದೇ ಕಿತ್ತಳೆಯನ್ನು ಓವರ್‌ಲೇ ಮಾಡಿದರೆ 255, 208, 219 ಬರುತ್ತದೆ. ಜಾತ್ರೆಯ ಬಾಂಬೆ ಮಿಠಾಯಿಯ ಗುಲಾಬಿ! ನೀಲಿ 225 ಇದ್ದದ್ದು 219ಕ್ಕೆ ಇಳಿದಿದೆ ಅಷ್ಟೆ. ಮೊದಲೇ ತಿಳಿಯಾಗಿದ್ದ ನೀಲಿಯನ್ನು ಓವರ್‌ಲೇ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಆಕಾಶವನ್ನು ಪದರದಿಂದ ಸಂಜೆಯಾಗಿಸುವ ಆಸೆ ಬಿಟ್ಟು ಅದನ್ನು ಹೊಸದಾಗಿ ಬರೆಯುವುದೇ ಸರಿಯಾದ ದಾರಿ.

ಮಲ್ಟಿಪ್ಲೈಗೆ ಇನ್ನೊಂದು ಗುಣವಿದೆ. ಅದು ಅನುಪಾತವನ್ನು ಕೆಡಿಸುವುದಿಲ್ಲ. ಬಿಸಿಲಿನ ಕಲ್ಲು 214, 190, 150 ಮತ್ತು ನೆರಳಿನ ಕಲ್ಲು 120, 112, 108 ಇದ್ದಲ್ಲಿ ಕೆಂಪಿನ ಅನುಪಾತ ಸುಮಾರು 1.8. ಎರಡರ ಮೇಲೂ 120, 110, 160ರ ನೇರಳೆ ಪದರ ಹಾಕಿ ನೋಡಿ. ಬಿಸಿಲಿನ ಕಲ್ಲು 101, 82, 94 ಆಗುತ್ತದೆ, ನೆರಳಿನದು 56, 48, 68. ಎರಡೂ ಮಬ್ಬಾದವು, ಅನುಪಾತ ಮಾತ್ರ ಅದೇ 1.8. ಹಗಲಿನ ನೆರಳು ಎಷ್ಟು ಕಪ್ಪು ಪದರ ಹಾಕಿದರೂ ಅಳಿಯದು ಎಂಬುದಕ್ಕೆ ಕಾರಣ ಇಷ್ಟೇ. ಮೊದಲು ಹಗಲನ್ನು ತೆಗೆಯಬೇಕು, ಸಂಜೆಯನ್ನು ತರುವುದು ಆಮೇಲೆ.

ಹಂಪಿಯ ತೇರುಬೀದಿ

ಒಂದು ಚಿತ್ರವನ್ನೇ ಹಿಡಿದು ಮಾಡಿ ನೋಡೋಣ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ತೇರುಬೀದಿ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರ್ ಚಾಚಿಕೊಂಡಿದೆ. ಎರಡೂ ಬದಿಗೆ ಕಂಬಗಳ ಮಂಟಪಸಾಲು. ಪೂರ್ವದ ತುದಿಯಲ್ಲಿ ಎದುರು ಬಸವಣ್ಣ, ಪಡುವಣ ತುದಿಯಲ್ಲಿ ಒಂಬತ್ತು ನೆಲೆಯ, ಸುಮಾರು 50 ಮೀಟರ್ ಎತ್ತರದ ಗೋಪುರ. ಚಿತ್ರಕಾರ ಬಸವಣ್ಣನ ಕಡೆ ನಿಂತು ಗೋಪುರದತ್ತ ನೋಡುತ್ತಿದ್ದಾನೆ. ಹಗಲಿನ ಚಿತ್ರ ಮಾರ್ಚ್ ತಿಂಗಳ ಕಡೆಯ ವಾರದ ಬೆಳಿಗ್ಗೆ ಒಂಬತ್ತೂವರೆಯದು. ಸೂರ್ಯ ನೋಡುವವನ ಬೆನ್ನ ಹಿಂದೆ, 43 ಡಿಗ್ರಿಯ ಆಸುಪಾಸಿನಲ್ಲಿದ್ದಾನೆ. ಗೋಪುರದ ಮುಖವೆಲ್ಲ ಬೆಳಗಿದೆ, ಅದರ ನೆರಳು ಹಿಂದಕ್ಕೆ ಬಿದ್ದು ಕಾಣುವುದೇ ಇಲ್ಲ.

ಅದೇ ದಿನದ ಸಂಜೆ ಆರು ಗಂಟೆಯ ಮೇಲೆ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, ಅಂದರೆ ಗೋಪುರದ ಬೆನ್ನಿಗೆ ಇಲ್ಲವೆ ಅದರ ಮಗ್ಗುಲಿಗೆ ಇರುತ್ತಾನೆ. ಬೆಳಗಿನಲ್ಲಿ ಅತಿ ಹೊಳಪಾಗಿದ್ದ ಮುಖ ಈಗ ಪೂರ್ತಿ ನೆರಳು. ಚಿತ್ರದ ಬೆಳಕಿನ ವ್ಯವಸ್ಥೆಯೇ ತಲೆಕೆಳಗಾಗಿದೆ. ಕಿತ್ತಳೆ ಪದರ ಹಾಕಿ ಬಿಟ್ಟವನ ಚಿತ್ರದಲ್ಲಿ ಗೋಪುರದ ಮುಖ ಹೊನ್ನಿನಂತೆ ಹೊಳೆಯುತ್ತಿರುತ್ತದೆ, ಹಿಂದೆ ಸೂರ್ಯನೂ ಮುಳುಗುತ್ತಿರುತ್ತಾನೆ. ಹಂಪಿಗೆ ಒಮ್ಮೆಯಾದರೂ ಹೋದವರಿಗೆ ಅದು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಫ್ರಾನ್ಸಿನ ರುವಾಂ ಚರ್ಚಿನ ಮುಖ ಪಶ್ಚಿಮಕ್ಕಿದೆ, ಇದಕ್ಕೆ ನೇರ ತಿರುಗುಮುರುಗು. ಮೋನೆ 1892ರಿಂದ 1894ರವರೆಗೆ ಬರೆದ ಅದರ ಚಿತ್ರಮಾಲೆಯಲ್ಲಿ ಬೆಳಗಿನ ಚಿತ್ರಗಳು ನೀಲಿ ನೆರಳಿನಲ್ಲಿವೆ, ಹೊತ್ತು ಇಳಿದ ಮೇಲಿನವು ಬೆಚ್ಚಗಿವೆ. ಯಾವ ಕಟ್ಟಡಕ್ಕೂ ಮೊದಲು ಕೇಳಬೇಕಾದದ್ದು ಅದರ ಮುಖ ಯಾವ ದಿಕ್ಕಿಗೆ ಎಂಬುದನ್ನು.

ಕೆಲಸ ಶುರುವಾಗುವುದು ಬಿಡಿಸುವುದರಿಂದ. ಆಕಾಶ, ಗೋಪುರ ಮತ್ತು ಹಿಂದಿನ ಗುಡ್ಡ, ಎಡದ ಮಂಟಪಸಾಲು, ಬಲದ ಸಾಲು, ನೆಲ ಇವು ಐದೂ ಬೇರೆ ಪದರಗಳಾಗಬೇಕು. ಆಮೇಲೆ ಹಗಲಿನ ಬಿಸಿಲು ಬಿದ್ದ ಭಾಗಗಳನ್ನಷ್ಟೇ ಆಯ್ದು ಮಾಸ್ಕ್ ಮಾಡಿ, ಅವುಗಳ ಮೇಲೆ 143, 150, 184ರ ಮಲ್ಟಿಪ್ಲೈ ಹಾಕುವುದು. ಈ ಅಂಕಿಗಳು ಎಲ್ಲಿಂದಲೋ ಬಂದವಲ್ಲ. ನೆರಳಿನ ಕಲ್ಲನ್ನು ಬಿಸಿಲಿನ ಕಲ್ಲಿನಿಂದ ಭಾಗಿಸಿ 255ರಿಂದ ಗುಣಿಸಿದರೆ ಸಿಗುವುದು ಇವೇ. 120ನ್ನು 214ರಿಂದ ಭಾಗಿಸಿ 255ರಿಂದ ಗುಣಿಸಿದರೆ 143. ನಿಮ್ಮ ಚಿತ್ರದ ಬಣ್ಣಗಳು ಬೇರೆಯಿದ್ದರೆ ಇದೇ ಲೆಕ್ಕದಿಂದ ನಿಮ್ಮ ಅಂಕಿ ಸಿಗುತ್ತದೆ. ಸಿಕ್ಕ ಬಣ್ಣ ನೀಲಿಯತ್ತ ವಾಲಿರುವುದನ್ನು ಗಮನಿಸಿ. ನೆರಳಿಗೆ ಬೆಳಕು ಕೊಡುವುದು ಆಕಾಶ ಎಂಬ ಸತ್ಯ ಚಿತ್ರದೊಳಗೇ ಅಡಗಿತ್ತು, ಲೆಕ್ಕ ಅದನ್ನು ಹೊರಗೆಳೆಯಿತು. ಈ ಪದರ ಬಿದ್ದ ಮೇಲೆ ಬಿಸಿಲಿನ ಕಲ್ಲೂ 120, 112, 108 ಆಗಿ ಇಡೀ ಬೀದಿ ಮೋಡ ಮುಚ್ಚಿದ ಹೊತ್ತಿನಂತೆ ಒಂದೇ ಸಮನಾಗುತ್ತದೆ. ಮಾಸ್ಕಿನ ಅಂಚಿನಲ್ಲಿ ಹಗಲಿನ ನೆರಳಿನ ಗೆರೆಗಳು ತೆಳ್ಳಗೆ ಉಳಿದಿರುತ್ತವೆ. ಅವನ್ನು ಕುಂಚದಿಂದಲೇ ಒರೆಸಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಈ ಸಪ್ಪೆ ಚಿತ್ರವನ್ನು ಬೇರೆಯಾಗಿ ಉಳಿಸಿಟ್ಟುಕೊಂಡರೆ ಮುಂದೆ ಬೆಳದಿಂಗಳಿಗೂ ಮಳೆಗೂ ಅದೇ ಅಡಿಪಾಯವಾಗುತ್ತದೆ.

ಈಗ ಆಕಾಶ. ದಿಗಂತದಲ್ಲಿ ಸೂರ್ಯನ ಸುತ್ತ ತಿಳಿಹಳದಿ, ಅದರ ಮೇಲೆ ಕಿತ್ತಳೆ, ಆಮೇಲೆ ಮಾಸಲು ಗುಲಾಬಿ, ಕಡೆಗೆ ನೆತ್ತಿಯತ್ತ ಗಾಢ ನೀಲಿ. ಹಳದಿಯಿಂದ ನೀಲಿಗೆ ನೇರವಾಗಿ ಗ್ರೇಡಿಯೆಂಟ್ ಎಳೆದರೆ ನಡುವೆ ಬೂದು ಅಥವಾ ಹಸಿರು ಛಾಯೆ ಹುಟ್ಟಿಕೊಳ್ಳುತ್ತದೆ, ಅದಕ್ಕೇ ನಡುವಿನ ಬಣ್ಣಗಳನ್ನು ಕೈಯಿಂದ ಇಡಬೇಕು. ಸಂಜೆಯ ಗುಲಾಬಿಯನ್ನು ಚಿತ್ರಕಾರರು ಸಾಮಾನ್ಯವಾಗಿ ಅತಿಯಾಗಿಯೇ ಹಚ್ಚುತ್ತಾರೆ. ಧೂಳಿರುವ ಬಯಲುಸೀಮೆಯ ಮಾರ್ಚ್ ಸಂಜೆಯಲ್ಲಿ ದಿಗಂತದ ಹತ್ತಿರ ಮಣ್ಣುಬಣ್ಣದ ಮಬ್ಬೇ ಹೆಚ್ಚು.

ಮುಂದಿನದು ಇಡೀ ಬೀದಿಯ ಮೇಲಿನ ಮಲ್ಟಿಪ್ಲೈ. ಇದು ಎಲ್ಲ ಪದರಕ್ಕೂ ಒಂದೇ ಆಗಬಾರದು. ಹತ್ತಿರದ ಕಂಬಗಳಿಗೆ ಹೆಚ್ಚು, ದೂರದ ಗೋಪುರಕ್ಕೆ ಕಡಿಮೆ. ನಡುವಿನ ಮುಕ್ಕಾಲು ಕಿಲೋಮೀಟರ್ ಗಾಳಿಯಲ್ಲಿ ತೇಲುವ ಧೂಳು ಸೂರ್ಯನ ಬೆಳಕನ್ನು ನಮ್ಮತ್ತ ಚದುರಿಸುವುದರಿಂದ ಗೋಪುರ ನೆರಳಿನಲ್ಲಿದ್ದರೂ ಕಪ್ಪಾಗುವುದಿಲ್ಲ. ಗೋಪುರದ ಪದರದ ಮೇಲೆ ಮಂದವಾದ ಹಳದಿ-ಕಿತ್ತಳೆಯನ್ನು ಸ್ಕ್ರೀನ್ ಬಗೆಯಲ್ಲಿ ಹಾಕಿ, ಸೂರ್ಯನ ಮಗ್ಗುಲಿಗೆ ಗಟ್ಟಿಯಾಗಿ, ದೂರ ಸರಿದಂತೆ ತೆಳುವಾಗಿ ಬಿಡುವುದು. ಚಿತ್ರದಲ್ಲಿ ಅತಿ ಕಪ್ಪಾಗಿರಬೇಕಾದದ್ದು ಹತ್ತಿರದ ಮಂಟಪಗಳ ಒಳಭಾಗ.

ಕಡೆಗೆ ನೇರ ಬೆಳಕು. ನಾವು ಪಶ್ಚಿಮಕ್ಕೆ ನೋಡುತ್ತಿರುವುದರಿಂದ ಸೂರ್ಯನತ್ತ ಮುಖ ಮಾಡಿದ ಗೋಡೆಗಳು ಒಂದೂ ನಮಗೆ ಕಾಣುವುದಿಲ್ಲ. ಕಾಣುವುದು ಅವುಗಳ ಅಂಚು. ಗೋಪುರದ ಇಕ್ಕೆಲಗಳಲ್ಲಿ ಮೂರ್ತಿಗಳ ಭುಜ, ಮಂಟಪದ ಚಪ್ಪಡಿಯ ಮೇಲಂಚು, ಬೀದಿಯಲ್ಲಿ ನಿಂತ ಹಸುವಿನ ಬೆನ್ನು, ನಡೆದು ಬರುವವರ ತಲೆಗೂದಲು, ಎದ್ದ ಧೂಳು. ಇವುಗಳ ಮೇಲೆ ಒಂದೆರಡು ಪಿಕ್ಸೆಲ್ ಅಗಲದ ಹೊನ್ನಿನ ಗೆರೆ ಸಾಕು. ಬೆಳಕು ಸೇರಿಸುವ ಪದರ ಹಾಕುವಾಗ ಒಂದು ಎಚ್ಚರ ಬೇಕು. ಪರದೆಯ ಅಂಕಿಗಳು ನಿಜವಾದ ಬೆಳಕಿನ ಅಳತೆಯಲ್ಲ. 128ಕ್ಕೆ 128 ಕೂಡಿದರೆ ಲೆಕ್ಕದಲ್ಲಿ ಅಚ್ಚ ಬಿಳಿಯಾಗಿಬಿಡುತ್ತದೆ, ಆದರೆ 128ರ ಹೊಳಪಿಗೆ ನಿಜವಾಗಿ ಎರಡು ಪಟ್ಟು ಬೆಳಕು ಕೊಟ್ಟರೆ ಪರದೆಯಲ್ಲಿ ಅದು ಸುಮಾರು 176. ಅಂಚುಗಳು ಸುಟ್ಟ ಹಾಗೆ ಬೆಳ್ಳಗಾಗುವುದು ಇದರಿಂದ.

ಡಿಸೆಂಬರಿನ ಸಂಜೆಯಾದರೆ ಈ ಹಂಚಿಕೆಯೇ ಬೇರೆ. ಆಗ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು, ಚಿತ್ರದ ಎಡಕ್ಕೆ, ಹೇಮಕೂಟದ ಕಡೆಗೆ ಇಳಿಯುತ್ತಾನೆ. ಬಲದ ಮಂಟಪಸಾಲಿನ ಕಂಬಗಳಿಗೆ ಓರೆಯಾಗಿ ಹೊಂಬಿಸಿಲು ಬೀಳುತ್ತದೆ, ಎಡದ ಸಾಲು ನೆರಳಿನಲ್ಲೇ ಉಳಿಯುತ್ತದೆ. ಒಂದೇ ಬೀದಿಯ ಎರಡು ಬದಿಗೆ ಎರಡು ಬಗೆಯ ಪದರ ಬೇಕು. ಮಂಟಪಸಾಲುಗಳನ್ನು ಮೊದಲೇ ಬೇರ್ಪಡಿಸಿದ್ದರ ಲಾಭ ಇಲ್ಲಿ ಸಿಗುತ್ತದೆ.

ನೆರಳು ಎಲ್ಲಿಂದ ಹೊರಡುತ್ತದೆ

ಚಿತ್ರದಲ್ಲಿ ಸೂರ್ಯನಿಂದ ದಿಗಂತಕ್ಕೆ ನೇರವಾಗಿ ಒಂದು ಗೆರೆ ಇಳಿಸಿ. ಅದು ದಿಗಂತವನ್ನು ಮುಟ್ಟುವ ಬಿಂದುವಿನಿಂದಲೇ ನೆಲದ ಮೇಲಿನ ನೆರಳುಗಳೆಲ್ಲ ಹೊರಡುತ್ತವೆ. ಪ್ರತಿ ಕಂಬದ ಬುಡದ ಮೂಲಕ ಆ ಬಿಂದುವಿನಿಂದ ಎಳೆದ ಗೆರೆಯೇ ಆ ಕಂಬದ ನೆರಳಿನ ದಾರಿ. ಸೂರ್ಯ ಎದುರಿಗಿರುವಾಗ ನೆರಳುಗಳು ಬೀಸಣಿಗೆಯಂತೆ ನಮ್ಮತ್ತ ಬಿಚ್ಚಿಕೊಳ್ಳುತ್ತವೆ. ಎಲ್ಲ ನೆರಳುಗಳನ್ನೂ ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಓರೆಯಲ್ಲಿ ಎಳೆದರೆ ಬೀದಿ ತನ್ನ ಆಳ ಕಳೆದುಕೊಂಡು ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ಬೆಳಕಿನ ದಿಕ್ಕು ತಪ್ಪಿದೆಯೇ ಎಂದು ಪರೀಕ್ಷಿಸಲು ನೆರಳುಗಳ ಗೆರೆಗಳನ್ನು ಹಿಂದಕ್ಕೆ ಚಾಚಿ ನೋಡುವುದು ಸುಲಭದ ಉಪಾಯ. ಅವು ಒಂದೇ ಬಿಂದುವಿನಲ್ಲಿ ಸೇರದಿದ್ದರೆ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಸೂರ್ಯರಿದ್ದಾರೆ.

ಉದ್ದವನ್ನು ಊಹೆಗೆ ಬಿಡಬೇಕಿಲ್ಲ. ಎತ್ತರವನ್ನು ಸೂರ್ಯನ ಕೋನದ ಟ್ಯಾಂಜೆಂಟಿನಿಂದ ಭಾಗಿಸಿದರೆ ಸಾಕು. ಸೂರ್ಯ 10 ಡಿಗ್ರಿಯಲ್ಲಿದ್ದಾಗ 50 ಮೀಟರಿನ ಗೋಪುರದ ನೆರಳು ಸುಮಾರು 284 ಮೀಟರ್. 5 ಡಿಗ್ರಿಗೆ ಅದು 570 ದಾಟುತ್ತದೆ, ಅಂದರೆ ಬೀದಿಯ ಮುಕ್ಕಾಲು ಪಾಲು ಗೋಪುರದ ನೆರಳಿನಡಿ ಬಂದಿರುತ್ತದೆ. ಹಗಲಿನ ಚಿತ್ರದಲ್ಲಿ ಸುಳಿವೇ ಇಲ್ಲದ ಈ ನೆರಳು ಸಂಜೆಯ ಚಿತ್ರದ ಅತಿ ದೊಡ್ಡ ಆಕಾರ. ಇದನ್ನು ಮರೆತು ಕಂಬಗಳ ನೆರಳನ್ನು ಎಷ್ಟೇ ಜಾಣತನದಿಂದ ಉದ್ದ ಮಾಡಿದರೂ ಬೀದಿ ನಂಬಿಕೆ ಹುಟ್ಟಿಸುವುದಿಲ್ಲ.

ನೆರಳಿನ ಅಂಚೂ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಸೂರ್ಯನ ಬಿಂಬ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲವಿದೆ. ಅವನ ಮೇಲಂಚು ಮತ್ತು ಕೆಳಂಚು ಗೋಪುರದ ನೆತ್ತಿಯ ನೆರಳನ್ನು ಬೇರೆ ಬೇರೆ ಕಡೆ ಬೀಳಿಸುತ್ತವೆ. 5 ಡಿಗ್ರಿಯಲ್ಲಿ ಈ ಎರಡರ ನಡುವಿನ ಅಂತರ ಸುಮಾರು 58 ಮೀಟರ್. ಗೋಪುರದ ಬುಡದಲ್ಲಿ ಚಾಕುವಿನಂತೆ ಹರಿತವಾಗಿರುವ ನೆರಳು ತುದಿಗೆ ಬರುವಷ್ಟರಲ್ಲಿ ನೆಲದಲ್ಲಿ ಕರಗಿಹೋಗಿರುತ್ತದೆ. ಇಡೀ ನೆರಳಿಗೆ ಒಂದೇ ಅಳತೆಯ ಮಸುಕು ಕೊಡುವುದು ತಪ್ಪು. ತುದಿಯತ್ತ ಹೋದಂತೆ ಮಸುಕು ಬೆಳೆಯಬೇಕು. ಮತ್ತು ನೆರಳಿನ ಬಣ್ಣ ಕಪ್ಪಲ್ಲ, ನೆತ್ತಿಯ ಆಕಾಶದ ಮಬ್ಬುನೀಲಿ.

ಚಲಿಸುವ ಸಂಜೆ

ಅನಿಮೇಷನ್ ಅಥವಾ ಗೇಮಿನಲ್ಲಿ ಹಗಲು ಕಣ್ಣೆದುರೇ ಸಂಜೆಯಾಗಬೇಕಾದಾಗ ಹೆಚ್ಚಿನವರು ಹಗಲಿನ ಚಿತ್ರವನ್ನು ನಿಧಾನ ಕರಗಿಸಿ ಸಂಜೆಯ ಚಿತ್ರವನ್ನು ಮೂಡಿಸುತ್ತಾರೆ. ನಡುವಿನ ಹೊತ್ತಿನಲ್ಲಿ ಎರಡೂ ನೆರಳುಗಳು ಅರೆಬರೆಯಾಗಿ ಒಟ್ಟಿಗೆ ಕಾಣುತ್ತವೆ, ಎರಡು ಸೂರ್ಯರಿರುವ ಹಾಗೆ. ಇದಕ್ಕೆ ಪರಿಹಾರ ಮೊದಲು ಉಳಿಸಿಟ್ಟುಕೊಂಡ ಆ ಸಪ್ಪೆ ಚಿತ್ರ. ಹಗಲಿನಿಂದ ಸಪ್ಪೆಗೆ, ಸಪ್ಪೆಯಿಂದ ಸಂಜೆಗೆ ಕರಗಿಸಿದರೆ ಒಂದು ಮೋಡ ಹಾದುಹೋದಂತೆ ಅನಿಸುತ್ತದೆ, ಕಣ್ಣು ಒಪ್ಪಿಕೊಳ್ಳುತ್ತದೆ.

ಸೂರ್ಯ ನಿಜವಾಗಿ ಚಲಿಸುವುದನ್ನೇ ತೋರಿಸಬೇಕಿದ್ದರೆ ಗೇಮುಗಳಲ್ಲಿ ನಾರ್ಮಲ್ ಮ್ಯಾಪ್ ಬಳಸುತ್ತಾರೆ. ಚಿತ್ರದ ಪ್ರತಿ ಚುಕ್ಕೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬಣ್ಣವಾಗಿ ಬರೆದಿಟ್ಟ ಇನ್ನೊಂದು ಚಿತ್ರ ಅದು. ಅದರಲ್ಲಿ 128, 128, 255ರ ತಿಳಿನೇರಳೆ ಎಂದರೆ ನೋಡುವವನಿಗೆ ನೇರ ಎದುರು ಎಂದರ್ಥ. ಲೆಕ್ಕದ ತಿರುಳು ಎರಡೇ ಸಾಲು:

```
float d = max(dot(N, L), 0.0);
vec3 c = base * (sky + sun * d);
```

ಇಲ್ಲಿ `base` ಎಂಬುದು ಸಪ್ಪೆ ಚಿತ್ರ, `sky` ಆಕಾಶದ ತಂಪು ಬೆಳಕು, `sun` ನೇರ ಬಿಸಿಲು. ಎರಡು ಬೆಳಕಿನ ಮಾತು ಇಲ್ಲಿ ಸೂತ್ರವಾಗಿದೆ. ಸೂರ್ಯ ಬದಿಯಿಂದ ಬೀಳುವ ಡಿಸೆಂಬರಿನ ಚಿತ್ರಕ್ಕೆ ಇದು ಚೆನ್ನಾಗಿ ಒದಗುತ್ತದೆ. ಮಾರ್ಚಿನ ಚಿತ್ರಕ್ಕೆ ಒದಗುವುದಿಲ್ಲ. ಸೂರ್ಯ ಚಿತ್ರದ ಹಿಂದೆ ಸರಿದ ಮೇಲೆ ನಮಗೆ ಕಾಣುವ ಮುಖಗಳಲ್ಲೆಲ್ಲ `d` ಸೊನ್ನೆಯೇ ಆಗುತ್ತದೆ, ಅಂಚಿನ ಹೊನ್ನಿನ ಗೆರೆ ಈ ಲೆಕ್ಕದಿಂದ ಎಂದಿಗೂ ಹುಟ್ಟದು. ಅದಕ್ಕೆ ಅಂಚುಗಳ ಮಾಸ್ಕನ್ನು ಬೇರೆಯಾಗಿ ಬರೆದಿಟ್ಟು, ಸೂರ್ಯ ಹಿಂದಕ್ಕೆ ಹೋದಂತೆ ಅದನ್ನು ಮೆಲ್ಲಗೆ ಬೆಳಗಿಸಬೇಕು. ಬಿದ್ದ ನೆರಳುಗಳೂ ನಾರ್ಮಲ್ ಮ್ಯಾಪಿನಿಂದ ಬರುವುದಿಲ್ಲ. ಅವು ಬೇರೆ ಪದರ.

ವೇಗದ ವಿಷಯವನ್ನೂ ಹೇಳಬೇಕು. ಹಂಪಿಯ ಅಕ್ಷಾಂಶದಲ್ಲಿ ಮಾರ್ಚಿನ ಸೂರ್ಯ 5 ಡಿಗ್ರಿಯಿಂದ ಮುಳುಗಲು ಸುಮಾರು 24 ನಿಮಿಷ ಹಿಡಿಯುತ್ತಾನೆ, ಆಮೇಲೆ ದೀಪವಿಲ್ಲದೆ ಓಡಾಡಲಾಗದಷ್ಟು ಕತ್ತಲಾಗಲು ಇನ್ನೊಂದು 21 ನಿಮಿಷದಷ್ಟು. ನಮ್ಮ ಮುಸ್ಸಂಜೆ ಇಷ್ಟೇ ಚಿಕ್ಕದು. ಯುರೋಪಿನ ಬೇಸಿಗೆಯ ಸಂಜೆ ಇದಕ್ಕಿಂತ ಬಹಳ ಉದ್ದ. ಅಲ್ಲಿನ ಚಿತ್ರಗಳನ್ನು ನೋಡಿ ಕಲಿತವರು ಕರ್ನಾಟಕದ ಸಂಜೆಗೂ ಅದೇ ನಿಧಾನ ಕೊಟ್ಟುಬಿಡುತ್ತಾರೆ. ಬದಲಾವಣೆ ಒಂದೇ ಸಮನೆ ಸಾಗಬಾರದು. ಮಧ್ಯಾಹ್ನವೆಲ್ಲ ಅಲ್ಲಾಡದಂತಿದ್ದು, ಕಡೆಯ 5 ಡಿಗ್ರಿಯಲ್ಲಿ ಒಮ್ಮೆಗೇ ಧಾವಿಸಬೇಕು.

ದೀಪ ಹಚ್ಚುವ ಹೊತ್ತು

ಸೂರ್ಯ ಮುಳುಗಿದ ಮೇಲೆ ಬಿದ್ದ ನೆರಳುಗಳು ಪೂರ್ತಿ ಮಾಯವಾಗುತ್ತವೆ. ಗೋಪುರದ ನೆರಳಿನ ಪದರವನ್ನು ತೆಗೆದುಬಿಡಬೇಕು. ಉಳಿಯುವುದು ಕಂಬದ ಬುಡ, ಚಪ್ಪಡಿಯ ಅಡಿ, ಮಂಟಪದ ಒಳಗು ಇಂಥ ಮೂಲೆಗಳ ಮೆತ್ತನೆಯ ಕಪ್ಪು ಮಾತ್ರ. ಸಪ್ಪೆ ಚಿತ್ರದ ಮೇಲೆ 110, 115, 165ರ ಮಲ್ಟಿಪ್ಲೈ ಹಾಕಿದರೆ ಕಲ್ಲು 52, 51, 70ರ ಹತ್ತಿರ ಬರುತ್ತದೆ, ಅಷ್ಟು ಸಾಕು. ಈ ಹೊತ್ತಿನಲ್ಲಿ ಕಣ್ಣೂ ಬದಲಾಗುತ್ತದೆ. ಮಂದ ಬೆಳಕಿನಲ್ಲಿ ಕೆಂಪು ಬೇಗ ಕಪ್ಪಾಗಿ, ನೀಲಿ-ಹಸಿರು ತಿಳಿಯಾಗಿ ಕಾಣುವುದನ್ನು ಪುರ್ಕಿನ್ಯೆ ಎಂಬ ಬೊಹೀಮಿಯಾದ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಗುರುತಿಸಿದ್ದರು. ಬೀದಿಯಲ್ಲಿ ಕೆಂಪು ಸೀರೆ ಉಟ್ಟವಳೊಬ್ಬಳು ಹೋಗುತ್ತಿದ್ದರೆ ಮಲ್ಟಿಪ್ಲೈ ಅದನ್ನು ಕೆಂಪಾಗಿಯೇ ಬಿಡುತ್ತದೆ. ಅದರ ಕೆಂಪನ್ನು ಕೈಯಿಂದ ಇನ್ನಷ್ಟು ಇಳಿಸಬೇಕು.

ಗಾಢ ಬಣ್ಣಗಳಲ್ಲಿ ಇನ್ನೊಂದು ತೊಂದರೆ ತಲೆಯೆತ್ತುತ್ತದೆ. ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ ಇರುವ ಕಡತದಲ್ಲಿ ಪದರದ ಮೇಲೆ ಪದರ ಗುಣಿಸುತ್ತ ಹೋದರೆ ಮೆಟ್ಟಿಲುಗಳು ಮುಗಿದು ಆಕಾಶದಲ್ಲಿ ಪಟ್ಟೆಪಟ್ಟೆ ಕಾಣತೊಡಗುತ್ತದೆ. 16 ಬಿಟ್ಟಿನ ಕಡತದಲ್ಲಿ ಕೆಲಸ ಮಾಡಿ, ಕೊನೆಯಲ್ಲಿ ಒಂದಿಷ್ಟು ಸಣ್ಣ ಕಾಳಿನಂಥ ಗದ್ದಲ ಬೆರೆಸಿದರೆ ಪಟ್ಟೆಗಳು ಒಡೆಯುತ್ತವೆ.

ಎಲ್ಲ ಮುಗಿದ ಮೇಲೆ ಚಿತ್ರವನ್ನು ಒಮ್ಮೆ ಕಪ್ಪುಬಿಳುಪಾಗಿಸಿ ನೋಡುವುದು ಒಳ್ಳೆಯದು. ಬಣ್ಣ ತೆಗೆದ ಮೇಲೂ ಅದು ಸಂಜೆಯಾಗಿ ಕಾಣಬೇಕು. ಆಕಾಶದ ಕೆಳಭಾಗ ಅತಿ ಹೊಳಪು, ಅದರ ನಂತರ ಗೋಪುರದ ಸುತ್ತಲಿನ ಮಬ್ಬು, ಆಮೇಲೆ ಬೀದಿಯ ನೆಲ, ಕಡೆಗೆ ಹತ್ತಿರದ ಕಂಬಗಳು. ಗೋಪುರದ ಮುಖ ನೆಲಕ್ಕಿಂತ ತಿಳಿಯಾಗಿ ಎದ್ದು ಕಂಡರೆ, ಅದು ಮಬ್ಬಿನಿಂದ ಬಂದ ತಿಳಿಯೋ ಬೆಳಗಿನ ಬಿಸಿಲು ಅಳಿಯದೆ ಉಳಿದದ್ದೋ ಎಂದು ನೋಡಬೇಕು. ಮಬ್ಬಾದರೆ ಮೂರ್ತಿಗಳ ವಿವರ ಮಾಸಿರುತ್ತದೆ. ವಿವರ ಇನ್ನೂ ಹರಿತವಾಗಿ ಎದ್ದು ಕಾಣುತ್ತಿದ್ದರೆ ಅದು ಬೆಳಗಿನ ಬಿಸಿಲೇ. ಮಾಸ್ಕಿಗೆ ಹಿಂದಿರುಗಬೇಕು.

ದೀಪಗಳನ್ನು ಇಡುವುದು ಈ ಪರೀಕ್ಷೆ ಮುಗಿದ ಮೇಲೆ. ಮಂಟಪವೊಂದರೊಳಗೆ ಒಂದು ದೀಪ ಇಟ್ಟರೆ ಅದರ ಹಳದಿ ಹತ್ತಿರದ ಎರಡು ಕಂಬಗಳ ಒಳಮುಖಕ್ಕೆ ಮಾತ್ರ ತಾಗಬೇಕು, ಬೀದಿಯತ್ತ ಮುಖ ಮಾಡಿದ ಬದಿ ನೀಲಿಯಾಗಿಯೇ ಉಳಿಯಬೇಕು. ಕಂಬದ ಒಂದೇ ಅಂಚಿನ ಆಚೆ ಬೆಚ್ಚಗಿನ ಹಳದಿ, ಈಚೆ ತಣ್ಣನೆಯ ನೀಲಿ. ದೀಪದ ಬೆಳಕಿಗೂ ಒಂದು ದಿಕ್ಕಿದೆ, ಅದೂ ತನ್ನ ನೆರಳನ್ನು ಬೀಳಿಸುತ್ತದೆ. ಆ ನೆರಳು ದೀಪದಿಂದ ಹೊರಕ್ಕೆ, ಬೀದಿಯ ನಡುವಿನವರೆಗೆ ಚಾಚಿ ಅಲ್ಲೇ ಮಬ್ಬುನೀಲಿಯಲ್ಲಿ ಸೇರಿಹೋಗುತ್ತದೆ.